ಬಾಣಲೆಯ ಅಳತೆಗೆ ತಕ್ಕ ವೈಟಿಂಗ್ ಲಿಸ್ಟ್: ಹಲಸಿನ ಸೋಂಟೆ ಮಾರುವ ಮೊದಲು ಗಿರಾಕಿಗಳನ್ನು ಸೇರಿಸುವುದು ಹೇಗೆ?

ಹಲಸಿನ ಮರದಲ್ಲಿ ಗುಜ್ಜೆ ಕಾಣಿಸಿಕೊಳ್ಳುವ ಹೊತ್ತಿಗೆ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಲವು ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಪ್ರತಿ ವರ್ಷ ನೆಂಟರಿಗೆ ಕಟ್ಟಿ ಕೊಡುವ ಸೋಂಟೆಯನ್ನು ಈ ಸಲ ನಮ್ಮದೇ ಹೆಸರಿನಲ್ಲಿ ಪ್ಯಾಕೆಟ್ ಮಾಡಿ ಮಾರಿದರೆ ಹೇಗೆ? ಇನ್‌ಸ್ಟಾಗ್ರಾಂ ಪೇಜು ತೆರೆಯುವುದು ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಆಮೇಲೆ. ಕರಿದಿಟ್ಟ ಸೋಂಟೆಗೆ ಗಿರಾಕಿ ಸಿಗದಿದ್ದರೆ ಅದು ದಿನದಿಂದ ದಿನಕ್ಕೆ ಹಳತಾಗುತ್ತದೆ. ಒಮ್ಮೆಲೇ ನೂರಾರು ಮಂದಿ ಕೇಳಿದರೆ ಒಂದು ಬಾಣಲೆಯಲ್ಲಿ ಪೂರೈಸಲು ಆಗುವುದಿಲ್ಲ. ಈ ಎರಡು ತೊಂದರೆಗಳನ್ನೂ ತಪ್ಪಿಸುವ ದಾರಿಯೆಂದರೆ, ಮಾರಾಟ ಶುರುವಾಗುವ ಮೊದಲೇ ವೈಟಿಂಗ್ ಲಿಸ್ಟ್ ಮಾಡಿಕೊಳ್ಳುವುದು.

## ಲೈಕ್ ಒತ್ತಿದವರು ಪಟ್ಟಿಯಲ್ಲಿಲ್ಲ

ವೈಟಿಂಗ್ ಲಿಸ್ಟ್ ಅಂದರೆ ‘ಸೋಂಟೆ ತಯಾರಾದಾಗ ನನಗೆ ತಿಳಿಸಿ, ನಾನು ತೆಗೆದುಕೊಳ್ಳುತ್ತೇನೆ’ ಎಂದು ತಾವಾಗಿ ಹೆಸರು ಕೊಟ್ಟವರ ಪಟ್ಟಿ. ಅದರಲ್ಲಿ ಹೆಸರು, ವಾಟ್ಸಾಪ್ ನಂಬರು, ಊರಿನ ಪಿನ್ ಕೋಡ್, ಬೇಕಾದ ಪ್ಯಾಕೆಟ್‌ಗಳ ಸಂಖ್ಯೆ ಇರಬೇಕು. ಪೇಜನ್ನು ಫಾಲೋ ಮಾಡುವವರು, ‘ಸೂಪರ್’ ಎಂದು ಬರೆದವರು, ಹೃದಯದ ಚಿತ್ರ ಹಾಕಿದವರು ಇದರಲ್ಲಿ ಸೇರುವುದಿಲ್ಲ. ಅವರಿಗೆ ನಿಮ್ಮ ವಿಡಿಯೋ ಇಷ್ಟವಾಗಿದೆ, ಅಷ್ಟೇ. ಅವರು ಎಲ್ಲಿದ್ದಾರೆ, ಹಣ ಕೊಟ್ಟು ಕೊಳ್ಳುತ್ತಾರೆಯೇ ಎಂಬುದು ನಿಮಗೆ ಗೊತ್ತಿಲ್ಲ.

ಮದುವೆಯ ಊಟಕ್ಕೆ ಹೋಲಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಗದ ಕೊಟ್ಟವರೆಲ್ಲ ಬರುವುದಿಲ್ಲ, ಬಂದವರೆಲ್ಲ ಒಂದೇ ಪಂಕ್ತಿಗೆ ಕೂರುವುದೂ ಇಲ್ಲ. ಚಪ್ಪರದಲ್ಲಿ ಎಷ್ಟು ಎಲೆ ಹಾಕಬಹುದೋ ಅಷ್ಟು ಜನರನ್ನು ಕೂರಿಸಿ, ಉಳಿದವರಿಗೆ ಮುಂದಿನ ಪಂಕ್ತಿ ಎನ್ನುತ್ತೇವೆ. ವೈಟಿಂಗ್ ಲಿಸ್ಟ್ ನಡೆಸುವುದೂ ಹೀಗೆಯೇ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಎಷ್ಟು ಎಲೆ ಹಾಕಬಹುದು ಎಂಬುದನ್ನು.

## ಮೊದಲು ಅಡುಗೆಮನೆಯ ಲೆಕ್ಕ

ನೀರ್ಚಾಲಿನ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಒಂದು ದೊಡ್ಡ ಬಾಣಲೆ ಇದೆ, ಇಬ್ಬರು ಕೆಲಸಕ್ಕೆ ಸಿಗುತ್ತಾರೆ. ಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಳೆ ತೆಗೆದು, ಉದ್ದಕ್ಕೆ ಹೆಚ್ಚುವುದಕ್ಕೇ ಅರ್ಧ ದಿನ ಹೋಗುತ್ತದೆ. ಹಾಗಾಗಿ ದಿನಕ್ಕೆ 12 ಕೆಜಿ ಹೆಚ್ಚಿದ ಸೊಳೆ ಕರಿಯಬಹುದು ಎಂದಿಟ್ಟುಕೊಳ್ಳೋಣ. ಕರಿಯುವಾಗ ಸೊಳೆಯ ನೀರು ಹೋಗಿ ಸ್ವಲ್ಪ ಎಣ್ಣೆ ಸೇರುತ್ತದೆ. ಒಂದು ಕೆಜಿ ಸೊಳೆಗೆ 400 ಗ್ರಾಂ ಸೋಂಟೆ ಬಂತು ಎಂದುಕೊಂಡರೆ ದಿನಕ್ಕೆ 4.8 ಕೆಜಿ, ಅಂದರೆ 200 ಗ್ರಾಂನ 24 ಪ್ಯಾಕೆಟ್. ವಾರಕ್ಕೆ ಮೂರು ದಿನ ಕರಿದರೆ 72. ಈ 400 ಗ್ರಾಂ ಎಂಬುದನ್ನು ಯಾರ ಮಾತಿನ ಮೇಲೂ ನಂಬಬೇಡಿ. ಕಾಯಿಯ ಬಲಿತ, ಹೆಚ್ಚಿದ ದಪ್ಪ, ಎಣ್ಣೆಯ ಕಾವು ಇವುಗಳ ಮೇಲೆ ಅದು ಬದಲಾಗುತ್ತದೆ. ನಿಮ್ಮ ಬಾಣಲೆಯಲ್ಲಿ, ನಿಮ್ಮ ತೋಟದ ಕಾಯಿಯಲ್ಲಿ ಮೂರು ಸಲ ತೂಗಿ ನೋಡಿ, ಮೂರರಲ್ಲಿ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

72ರಲ್ಲಿ ಎಲ್ಲವನ್ನೂ ಮಾರಬಾರದು. ದಾರಿಯಲ್ಲಿ ಪುಡಿಯಾದರೆ ಬದಲು ಕೊಡಲು, ಎಷ್ಟು ದಿನ ಬಾಳುತ್ತದೆ ಎಂದು ನೋಡಲು ಆರು ಪ್ಯಾಕೆಟ್ ತೆಗೆದಿಟ್ಟರೆ ಉಳಿಯುವುದು 66. ಒಬ್ಬರಿಗೆ ಎರಡು ಪ್ಯಾಕೆಟ್ ಎಂದು ಮಿತಿ ಹಾಕಿದರೆ ವಾರಕ್ಕೆ 33 ಮನೆ. ಈ ಮನೆಯ ಒಂದು ಪಂಕ್ತಿಯ ಅಳತೆ ಇಷ್ಟು.

ಪಟ್ಟಿಯಲ್ಲಿ ಎಷ್ಟು ಹೆಸರು ಬೇಕು? ಹೆಸರು ಕೊಟ್ಟ ಹತ್ತು ಜನರಲ್ಲಿ ಮೂವರು ಹಣ ಕಳುಹಿಸುತ್ತಾರೆ ಎಂದು ಶುರುವಿಗೆ ಊಹಿಸಿಕೊಂಡರೆ 33 ಮನೆಗೆ ಸುಮಾರು 110 ಹೆಸರು ಬೇಕು. ಮೂರು ವಾರದ ಸೋಂಟೆಗೆ ಮುನ್ನೂರ ಚಿಲ್ಲರೆ. ಅದಕ್ಕಿಂತ ದೊಡ್ಡ ಪಟ್ಟಿಯಿಂದ ಈ ಅಡುಗೆಮನೆಗೆ ಲಾಭಕ್ಕಿಂತ ತಲೆನೋವೇ ಹೆಚ್ಚು. ಎರಡು ತಿಂಗಳು ಕಾದವರು ನಿಮ್ಮನ್ನು ಮರೆಯುತ್ತಾರೆ, ಇಲ್ಲವೇ ‘ಕೊಡುತ್ತೇನೆಂದು ಕೊಡಲಿಲ್ಲ’ ಎನ್ನುತ್ತಾರೆ.

## ಪಟ್ಟಿ ತೆರೆಯುವ ಮೊದಲು ತಿಳಿದಿರಬೇಕಾದ ಮೂರು ಸಂಗತಿಗಳು

ಮೊದಲನೆಯದು ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ನೋಂದಣಿ. ಮನೆಯ ಅಡುಗೆಮನೆಯಲ್ಲಿ ಮಾಡಿ ಮಾರುವವರಿಗೂ ಇದು ಬೇಕು. 14 ಅಂಕಿಯ ನಂಬರು ಪ್ಯಾಕೆಟ್ ಮೇಲೆ ಇರಬೇಕು. ಅರ್ಜಿಯನ್ನು ಆನ್‌ಲೈನಿನಲ್ಲಿ ತಾವೇ ಹಾಕಬಹುದು, ಅಕ್ಷಯ ಕೇಂದ್ರದಲ್ಲೂ ಹಾಕಿಸಬಹುದು. ಅಧಿಕಾರಿಗಳು ಮನೆಗೆ ಬಂದು ಪರಿಶೀಲಿಸಬೇಕೆಂದರೆ ಕೆಲಸ ತಡವಾಗುತ್ತದೆ. ಆದ್ದರಿಂದ ನಂಬರು ಕೈಗೆ ಬಂದ ಮೇಲೆಯೇ ಮಾರಾಟದ ವಾರವನ್ನು ಹೇಳಿ.

ಎರಡನೆಯದು ಸೋಂಟೆಯ ಬಾಳಿಕೆ. ತೆಂಗಿನೆಣ್ಣೆಯಲ್ಲಿ ಕರಿದದ್ದು ಎರಡು ರೀತಿಯಲ್ಲಿ ಕೆಡುತ್ತದೆ. ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಎಣ್ಣೆ ಹಳಸಿ ಕಮಟು ವಾಸನೆ ಬರುತ್ತದೆ. ಪ್ರಯೋಗಕ್ಕೆ ಕರಿದಾಗ ಪೂರ್ತಿ ಆರಿದ ಮೇಲೆ ಆರೇಳು ಪ್ಯಾಕೆಟ್ ಸೀಲ್ ಮಾಡಿ, ದಿನಾಂಕ ಬರೆದು, ವಾರಕ್ಕೊಂದು ಒಡೆದು ತಿಂದು ನೋಡಿ. ಬಿಸಿ ಇರುವಾಗಲೇ ಸೀಲ್ ಮಾಡಿದರೆ ಒಳಗೆ ಬೆವರು ಹಿಡಿದು ಎರಡನೇ ವಾರಕ್ಕೇ ಮೆತ್ತಗಾಗಬಹುದು. ಎಷ್ಟು ದಿನ ಗರಿಗರಿಯಾಗಿ ಉಳಿಯಿತು ಎಂಬುದರ ಮೇಲೆ ಎಷ್ಟು ದೂರದ ಊರಿನವರನ್ನು ಪಟ್ಟಿಗೆ ಸೇರಿಸಬಹುದು ಎಂಬುದು ನಿರ್ಧಾರವಾಗುತ್ತದೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅದು ಕೊರಿಯರ್ ಖರ್ಚು. ಸೋಂಟೆ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಹಲವು ಕೊರಿಯರ್‌ನವರು ನಿಜವಾದ ತೂಕ ಮತ್ತು ಪೆಟ್ಟಿಗೆಯ ಗಾತ್ರದಿಂದ ಲೆಕ್ಕ ಹಾಕಿದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಲೆಕ್ಕವೆಂದರೆ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ಎರಡು ಪ್ಯಾಕೆಟ್‌ಗೆ 25×20×10 ಅಳತೆಯ ಪೆಟ್ಟಿಗೆ ಬಳಸಿದರೆ 5000 ಭಾಗಿಸು 5000, ಅಂದರೆ ಒಂದು ಕೆಜಿ. ಒಳಗಿರುವುದು ಅರ್ಧ ಕೆಜಿ, ಖರ್ಚು ಒಂದು ಕೆಜಿಯದು. ಪ್ಯಾಕೆಟ್ ತುಂಬಿಸಿ ಪೆಟ್ಟಿಗೆಯಲ್ಲಿಟ್ಟು ಅಂಚೆ ಕಚೇರಿಯಲ್ಲೂ ಒಂದೆರಡು ಕೊರಿಯರ್ ಆಫೀಸಿನಲ್ಲೂ ದರ ಕೇಳಿಕೊಂಡು ಬನ್ನಿ. ಪಟ್ಟಿಗೆ ಸೇರುವಾಗ ಕೊರಿಯರ್ ಖರ್ಚು ಹೇಳದೆ ಹಣ ಕೇಳುವ ದಿನ ಹೇಳಿದರೆ, ಒಪ್ಪಿದವರಲ್ಲೂ ಬಹಳ ಮಂದಿ ಅಲ್ಲೇ ನಿಲ್ಲುತ್ತಾರೆ.

## ಹೆಸರು ಬರುವ ಬಾಗಿಲು

ಗೂಗಲ್ ಫಾರ್ಮ್ ಒಳ್ಳೆಯ ಸಾಧನವೇ. ಆದರೆ ನಮ್ಮ ಕಡೆಯ ಗಿರಾಕಿಗಳಲ್ಲಿ ಅಮ್ಮಂದಿರು, ಅತ್ತೆಯಂದಿರು ಹೆಚ್ಚು. ಫಾರ್ಮ್ ತೆರೆದುಕೊಂಡಾಗ ಅವರಲ್ಲಿ ಹಲವರು ಹಿಂದೆ ಸರಿಯುತ್ತಾರೆ, ವಾಟ್ಸಾಪಿನಲ್ಲಾದರೆ ಧೈರ್ಯವಾಗಿ ಬರೆಯುತ್ತಾರೆ. ಹಾಗಾಗಿ ಹೆಸರು ವಾಟ್ಸಾಪಿನಲ್ಲಿ ಬರಲಿ, ಪಟ್ಟಿಯನ್ನು ನೀವು ಗೂಗಲ್ ಶೀಟಿನಲ್ಲಿ ದಿನಾ ಸಂಜೆ ಬರೆದುಕೊಳ್ಳಿ. ಮುನ್ನೂರು ಹೆಸರಿಗೆ ಇದು ಭಾರವಲ್ಲ.

ಮನೆಯ ನಂಬರು ಬೇಡ. ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದು ಉಚಿತ. ಒತ್ತಿದ ಕೂಡಲೇ ನಿಮ್ಮ ಚಾಟ್ ತೆರೆದು, ಬರೆಯಬೇಕಾದ ಪದವೂ ತಾನೇ ತುಂಬಿರುವ ಕೊಂಡಿಯನ್ನು ಹೀಗೆ ಮಾಡಬಹುದು:

```
https://wa.me/91XXXXXXXXXX?text=SONTE-IG
https://wa.me/91XXXXXXXXXX?text=SONTE-ST
```

ಹತ್ತು X ಇರುವಲ್ಲಿ ನಿಮ್ಮ ನಂಬರು. ಮೊದಲನೆಯದನ್ನು ಇನ್‌ಸ್ಟಾಗ್ರಾಂ ಬಯೋದಲ್ಲಿ, ಎರಡನೆಯದನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ. ಆಗ ಬಂದವರು ಯಾವ ದಾರಿಯಿಂದ ಬಂದರು ಎಂಬುದು ಮೊದಲ ಸಂದೇಶದಲ್ಲೇ ತಿಳಿಯುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದ ಕೊಂಡಿಯನ್ನು ಒತ್ತಿದರೆ ತೆರೆಯುವುದಿಲ್ಲ. ಬಯೋದಲ್ಲಿ ಅಥವಾ ಸ್ಟೋರಿಯ ಲಿಂಕ್ ಸ್ಟಿಕರಿನಲ್ಲಿ ಹಾಕಿದರೆ ಮಾತ್ರ ತೆರೆಯುತ್ತದೆ.

ಸಂದೇಶ ಬಂದವರಿಗೆ ಹೋಗುವ ಮೊದಲ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ. ಹೀಗೆ ಬರೆಯಬಹುದು: ‘ನಮಸ್ಕಾರ. ಹಲಸಿನ ಸೋಂಟೆ ಮಾರ್ಚ್ ಎರಡನೇ ವಾರದ ಹೊತ್ತಿಗೆ ತಯಾರಾಗುತ್ತದೆ. 200 ಗ್ರಾಂ ಪ್ಯಾಕೆಟ್‌ಗೆ 140 ರೂಪಾಯಿ, ಕೊರಿಯರ್ ಖರ್ಚು ಬೇರೆ, ಬೆಂಗಳೂರಿಗೆ ಎರಡು ಪ್ಯಾಕೆಟ್‌ಗೆ ಇಷ್ಟು. ಒಪ್ಪಿಗೆಯಾದರೆ ನಿಮ್ಮ ಹೆಸರು, ಪಿನ್ ಕೋಡ್, ಒಂದೋ ಎರಡೋ ಪ್ಯಾಕೆಟ್ ಎಂದು ತಿಳಿಸಿ. ಈ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಇಲ್ಲವಾದರೆ ನಮ್ಮ ಮುಂದಿನ ಸಂದೇಶ ನಿಮಗೆ ತಲುಪುವುದಿಲ್ಲ.’ ಬೆಲೆ ಇಲ್ಲಿ ಉದಾಹರಣೆಗೆ ಮಾತ್ರ. ಆದರೆ ಬೆಲೆಯನ್ನು ಹೇಳುವ ಜಾಗ ಇದುವೇ.

ಕೊನೆಯ ವಾಕ್ಯಕ್ಕೆ ಕಾರಣವಿದೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳುಹಿಸುವ ವಾಟ್ಸಾಪಿನ ಒಂದು ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಸೇವ್ ಮಾಡದವರಿಗೆ ಸಂದೇಶ ಹೋಗಲಿಲ್ಲ ಎಂದು ನಿಮಗೆ ಯಾರೂ ಹೇಳುವುದಿಲ್ಲ. ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ವಿವರ ತೆರೆದರೆ ಯಾರಿಗೆ ತಲುಪಿದೆ ಎಂದು ಕಾಣುತ್ತದೆ. ಅದರಲ್ಲಿ ಇಲ್ಲದವರಿಗೆ ಒಬ್ಬೊಬ್ಬರಿಗೇ ಬರೆಯಿರಿ.

ಎಲ್ಲರನ್ನೂ ಒಂದು ಗ್ರೂಪಿಗೆ ಸೇರಿಸುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಬಾರದು. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಅಪರಿಚಿತರಿಗೆ ಕಾಣುತ್ತದೆ. ಸೋಂಟೆಗೆಂದು ನಂಬರು ಕೊಟ್ಟ ಹೆಣ್ಣುಮಗಳಿಗೆ ಯಾರೋ ಸಂದೇಶ ಕಳುಹಿಸಿದರೆ ಅದಕ್ಕೆ ಹೊಣೆ ನಿಮ್ಮದೇ ಆಗುತ್ತದೆ.

## ಕಾಯಿ ಬಲಿಯುವ ಮೊದಲು ಏನು ತೋರಿಸುವುದು?

ಹಲಸಿನ ವಿಚಾರದಲ್ಲಿ ಒಂದು ತೊಡಕಿದೆ. ಜೂನ್ ಆರಂಭಕ್ಕೆ ಮಳೆ ಹಿಡಿಯುತ್ತದೆ, ಆಮೇಲೆ ಒಳ್ಳೆಯ ಸೋಂಟೆ ಕಷ್ಟ. ಮಾರ್ಚಿನಲ್ಲಿ ಮಾರಬೇಕಾದರೆ ಜನವರಿ ಕೊನೆಗೇ ಪಟ್ಟಿ ತೆರೆಯಬೇಕು. ಆಗ ಸೋಂಟೆಗೆ ಬೇಕಾದಷ್ಟು ಬಲಿತ ಕಾಯಿ ಸಿಗುವುದು ಅಪರೂಪ. ಹಿಂದಿನ ವರ್ಷ ಮನೆಯಲ್ಲಿ ಕರಿಯುವಾಗ ತೆಗೆದ ವಿಡಿಯೋ ಇದ್ದರೆ ಅದು ಈಗ ಬಂಗಾರ. ಹಳೆಯದು ಎಂದು ಹೇಳಿಯೇ ಹಾಕಿ. ಇಲ್ಲವಾದರೆ ಮರದಲ್ಲಿರುವ ಗುಜ್ಜೆಯಿಂದ ಶುರು ಮಾಡಿ, ವಾರಕ್ಕೊಮ್ಮೆ ಅದೇ ಕಾಯಿಯನ್ನು ತೋರಿಸಿ. ಕಾಯುವವರಿಗೆ ತಾವು ಏಕೆ ಕಾಯುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕಾಯಿ ಬಂದ ಮೇಲೆ ಇಪ್ಪತ್ತು ಸೆಕೆಂಡಿನ ಒಂದೇ ರೀಲ್ ಸಾಕು: ಎಣ್ಣೆ ಸವರಿದ ಕತ್ತಿ ಕಾಯಿಯ ಮೇಲೆ ಇಳಿಯುವುದು, ಸೊಳೆ ಬಿಡಿಸುವುದು, ಹೆಚ್ಚುವುದು, ಕಾದ ಎಣ್ಣೆಗೆ ಬಿಡುವುದು. ಸೊಳೆ ಗಟ್ಟಿಯಾಗುತ್ತ ಬಂದಾಗ ಉಪ್ಪುನೀರು ಚಿಮುಕಿಸಿದ ಕೂಡಲೇ ಬಾಣಲೆಯಿಂದ ಏಳುವ ಸದ್ದು, ಕೊನೆಗೆ ತಟ್ಟೆಗೆ ಸುರಿದಾಗ ಕೇಳುವ ಗರಗರ ಸದ್ದು, ಇವೆರಡರ ಮೇಲೆ ಹಾಡು ಹಾಕಬೇಡಿ. ಗರಿಗರಿ ಎಂದು ಬರೆಯುವುದಕ್ಕಿಂತ ಆ ಸದ್ದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಬಾಣಲೆಯಿಂದ ದೂರ ಇಡಿ. ಉಪ್ಪುನೀರು ಬಿದ್ದಾಗ ಎಣ್ಣೆ ಸಿಡಿಯುತ್ತದೆ, ಒಂದು ಕೈಯಲ್ಲಿ ಫೋನು ಹಿಡಿದು ಆ ಕೆಲಸ ಮಾಡಬಾರದು.

ಬರಹವನ್ನು ಕನ್ನಡದಲ್ಲಿ ಬರೆದು, ಕೆಳಗೆ ಮಲಯಾಳದಲ್ಲಿ ಒಂದು ಸಾಲು ಸೇರಿಸಿ. ಕಾಸರಗೋಡಿನಲ್ಲಿ ನಿಮ್ಮ ಪಕ್ಕದ ಮನೆಯ ಗಿರಾಕಿಯೇ ಕನ್ನಡ ಓದದಿರಬಹುದು. ಯಾರಾದರೂ ‘ಬೆಲೆ ಎಷ್ಟು?’ ಎಂದು ಕೇಳಿದರೆ ಅಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರಿಸಿ. ಪ್ರತಿಯೊಬ್ಬರಿಗೂ ಖಾಸಗಿಯಾಗಿ ಬೆಲೆ ಹೇಳುವ ಪೇಜಿನ ಮೇಲೆ ಜನರಿಗೆ ಅನುಮಾನ. ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರ ಸಂದೇಶ ಬೇರೆ ಪೆಟ್ಟಿಗೆಗೆ ಹೋಗಿ ಕೂರುತ್ತದೆ, ದಿನಕ್ಕೊಮ್ಮೆ ಅದನ್ನು ತೆರೆದು ನೋಡಿ.

## ಎಲ್ಲಿ ಸೋರುತ್ತಿದೆ?

ಖಾತೆಯನ್ನು ಪ್ರೊಫೆಷನಲ್ ಎಂದು ಬದಲಿಸಿಕೊಂಡರೆ ಎಷ್ಟು ಜನ ನೋಡಿದರು, ಎಷ್ಟು ಜನ ಪೇಜಿಗೆ ಬಂದರು, ಎಷ್ಟು ಜನ ಕೊಂಡಿ ಒತ್ತಿದರು ಎಂಬುದು ಕಾಣುತ್ತದೆ. ವಾರಕ್ಕೊಮ್ಮೆ ಈ ಅಂಕಿಗಳನ್ನು, ಹೊಸದಾಗಿ ಬಂದ ಹೆಸರುಗಳ ಸಂಖ್ಯೆಯೊಂದಿಗೆ ಒಂದೇ ಸಾಲಿನಲ್ಲಿ ಬರೆದಿಡಿ. ಒಂದು ಅಂಕಿಯಿಂದ ಮುಂದಿನದಕ್ಕೆ ಎಲ್ಲಿ ಜೋರಾಗಿ ಇಳಿಯುತ್ತದೆ ಎಂಬುದು ಕಾಯಿಲೆಯನ್ನು ತೋರಿಸುತ್ತದೆ.

ಪೇಜಿಗೆ ಬಂದವರು ಬಹಳ, ಕೊಂಡಿ ಒತ್ತಿದವರು ಕಡಿಮೆ ಎಂದರೆ ಬಯೋ ಸರಿಯಿಲ್ಲ. ಅಲ್ಲಿ ‘ಮನೆಯ ರುಚಿ, ಪ್ರೀತಿಯ ತಿನಿಸು’ ಎಂದಿದ್ದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಹಲಸಿನ ಸೋಂಟೆ, ಬದಿಯಡ್ಕ. ಮಾರ್ಚ್ ಪಟ್ಟಿಗೆ ಹೆಸರು ಕೊಡಲು ಕೆಳಗೆ ಒತ್ತಿ’ ಎಂದು ಬದಲಿಸಿ. ಕೊಂಡಿ ಒತ್ತಿ ಸಂದೇಶ ಕಳುಹಿಸಿದವರು, ಬೆಲೆ ಓದಿದ ಮೇಲೆ ಸುಮ್ಮನಾದರೆ ಬೆಲೆಯೋ ಕೊರಿಯರ್ ಖರ್ಚೋ ಅವರಿಗೆ ಹೆಚ್ಚಾಗಿದೆ. ಪಿನ್ ಕೋಡ್ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. 671ರಿಂದ ಶುರುವಾಗುವ ಪಿನ್ ಕಾಸರಗೋಡಿನದು, 575 ಮಂಗಳೂರಿನದು, 560 ಬೆಂಗಳೂರಿನದು. ಹತ್ತಿರದವರು ಒಪ್ಪಿ 560ರವರು ಮಾತ್ರ ಬಿಟ್ಟುಹೋಗುತ್ತಿದ್ದರೆ ಸೋಂಟೆಯ ಬೆಲೆ ಇಳಿಸಿ ಉಪಯೋಗವಿಲ್ಲ. ಬೆಂಗಳೂರಿನಲ್ಲಿ ಒಂದೇ ಬಡಾವಣೆಯ ಐದಾರು ಹೆಸರನ್ನು ಸೇರಿಸಿ, ಅವರು ಒಪ್ಪಿದರೆ ಒಬ್ಬರ ಮನೆಗೆ ಒಂದೇ ಪೆಟ್ಟಿಗೆ ಕಳುಹಿಸುವುದು ಮದ್ದು.

ಗಲ್ಫಿನಲ್ಲಿರುವ ನಮ್ಮವರ ಹೆಸರು ಖಂಡಿತ ಬರುತ್ತದೆ. ಅವರಿಗೆ ಕೊರಿಯರ್ ಖರ್ಚು ಸೋಂಟೆಯ ಬೆಲೆಯನ್ನು ಮೀರಬಹುದು. ಅವರನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ‘ಊರಿಂದ ಯಾರು, ಯಾವ ದಿನ ಹೊರಡುತ್ತಾರೆ?’ ಎಂದು ಕೇಳಿ. ಹಾಗೆಯೇ ನೆಂಟರ ಹೆಸರಿನ ಮುಂದೆಯೂ ಒಂದು ಗುರುತು ಹಾಕಿ. ಅವರು ಪ್ರೀತಿಯಿಂದ ಹೆಸರು ಕೊಡುತ್ತಾರೆ, ಆದರೆ ಅವರನ್ನು ಸೇರಿಸಿ ಲೆಕ್ಕ ಹಾಕಿದರೆ ಹತ್ತಕ್ಕೆ ಎಷ್ಟು ಜನ ಕೊಳ್ಳುತ್ತಾರೆ ಎಂಬ ಅಂದಾಜು ತಪ್ಪುತ್ತದೆ.

## ಕರೆಯುವ ವಾರ

ಪಟ್ಟಿ ತೆರೆದ ದಿನದಿಂದ ಮಾರಾಟದವರೆಗೆ ಆರು ವಾರ ಇದ್ದರೆ ನಡುವೆ ಪೂರ್ತಿ ಮೌನ ಬೇಡ. ಮೂರನೇ ವಾರದಲ್ಲಿ ಕಾಯಿಯ ಫೋಟೋ ಜೊತೆ ಒಂದು ಸಂದೇಶ, ಕರಿಯುವ ಎರಡು ದಿನ ಮೊದಲು ಇನ್ನೊಂದು. ಅದಕ್ಕಿಂತ ಹೆಚ್ಚು ಕಳುಹಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ಹಲವರು ದೂರು ಒತ್ತಿದರೆ ವಾಟ್ಸಾಪ್ ನಂಬರೇ ನಿಂತುಹೋಗಬಹುದು. ತಾರೀಕು ಹೇಳಬೇಡಿ, ವಾರ ಹೇಳಿ. ಕಾಯಿ ಬಲಿಯುವುದು ನಮ್ಮ ಕೈಯಲ್ಲಿಲ್ಲ, ಹಣ್ಣಾಗಲು ತೊಡಗಿದ ಸೊಳೆ ಕರಿದರೆ ಬೇಗ ಕಪ್ಪಾಗಿ ಮೆತ್ತಗುಳಿಯುತ್ತದೆ.

ಈಗ ನೀರ್ಚಾಲಿನ ಮನೆಗೆ ಬರೋಣ. ಪಟ್ಟಿಯಲ್ಲಿ 300 ಹೆಸರು, ಈ ವಾರದ ಸೋಂಟೆ 66 ಪ್ಯಾಕೆಟ್. ಹತ್ತಕ್ಕೆ ಮೂವರು ಎಂಬ ಊಹೆಯಲ್ಲಿ 110 ಜನರನ್ನು ಒಟ್ಟಿಗೆ ಕರೆದರು, ಆದರೆ ನಿಜಕ್ಕೂ ಹತ್ತಕ್ಕೆ ನಾಲ್ವರು ಹಣ ಕಳುಹಿಸಿದರು ಎಂದುಕೊಳ್ಳಿ. 44 ಮನೆ, 88 ಪ್ಯಾಕೆಟ್. 22 ಪ್ಯಾಕೆಟ್ ಕಡಿಮೆ, ಅದೂ ಹಣ ತೆಗೆದುಕೊಂಡ ಮೇಲೆ. ಅದಕ್ಕೆ ಬದಲು ಹೆಸರು ಕೊಟ್ಟ ಕ್ರಮದಲ್ಲಿ ಮೊದಲ 50 ಜನರಿಗೆ ಮಾತ್ರ ಬರೆಯಬೇಕು: ‘ನಾಳೆ ಸಂಜೆ ಆರರ ಒಳಗೆ ಹಣ ಕಳುಹಿಸಿದರೆ ನಿಮ್ಮ ಪ್ಯಾಕೆಟ್ ಗಟ್ಟಿ.’ ಒಂದು ದಿನ ಕಾದಾಗ 20 ಮನೆಯವರು ಹಣ ಕಳುಹಿಸಿದ್ದಾರೆ, ಅಂದರೆ 40 ಪ್ಯಾಕೆಟ್. ಉಳಿದ 26 ಪ್ಯಾಕೆಟ್‌ಗೆ 13 ಮನೆ ಬೇಕು. ಹತ್ತಕ್ಕೆ ನಾಲ್ವರು ಎಂಬುದು ಈಗ ಊಹೆಯಲ್ಲ, ಕಂಡದ್ದು. ಆದ್ದರಿಂದ ಮುಂದಿನ ಸರದಿಗೆ 30 ಜನ ಸಾಕು, ಕೊನೆಯ ಒಂದೆರಡು ಪ್ಯಾಕೆಟ್‌ಗೆ ಆಮೇಲೆ ಕರೆಯಬಹುದು. ಕಾಯಿ ಕೊಯ್ಯುವ ಮೊದಲೇ ಈ ಎರಡು ಸರದಿ ಮುಗಿದಿರಬೇಕು.

ಹಣ ಬಂದಿದೆಯೇ ಎಂದು ನಿಮ್ಮ ಬ್ಯಾಂಕಿನ ಖಾತೆಯಲ್ಲಿ ನೋಡಿ. ಗಿರಾಕಿ ಕಳುಹಿಸಿದ ಸ್ಕ್ರೀನ್‌ಶಾಟ್ ಸಾಲದು, ಪೇಮೆಂಟ್ ಅರ್ಧದಲ್ಲಿ ನಿಂತಿರುವುದೂ ಉಂಟು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಪ್ರತಿ ಚಾಟಿಗೆ ಬಣ್ಣದ ಲೇಬಲ್ ಹಾಕಬಹುದು. ‘ಕರೆದಾಯಿತು’, ‘ಹಣ ಬಂತು’, ‘ಕಳುಹಿಸಿದೆ’ ಈ ಮೂರು ಸಾಕಾಗುತ್ತದೆ.

ಉತ್ತರ ಕೊಡದವರನ್ನು ಅಳಿಸಬೇಡಿ, ಪಟ್ಟಿಯ ಕೊನೆಗೆ ಸರಿಸಿ. ಎರಡನೇ ಸಲವೂ ಉತ್ತರಿಸದಿದ್ದರೆ ತೆಗೆಯಿರಿ. ಕಾಯುತ್ತಿರುವ 220 ಜನರಿಗೆ ಅದೇ ದಿನ ತಿಳಿಸಬೇಕಾದದ್ದು ಇಷ್ಟೇ: ಮೊದಲ ವಾರದ್ದು ಮುಗಿಯಿತು, ನಿಮ್ಮ ಸರದಿ ಎರಡನೇ ವಾರ ಅಥವಾ ಮೂರನೇ ವಾರ. ಮೇ ಕೊನೆಗೆ ಇನ್ನೂ ಹೆಸರು ಉಳಿದಿದ್ದರೆ, ಮಳೆ ಹಿಡಿಯುವ ಮೊದಲೇ ಈ ವರ್ಷದ ಸೋಂಟೆ ನಿಂತಿತು ಎಂದು ಬರೆದು, ಹಲಸಿನ ಹಪ್ಪಳವೋ ಬಾಳೆಕಾಯಿ ಸೋಂಟೆಯೋ ಬೇಕೇ, ಇಲ್ಲ ಮುಂದಿನ ವರ್ಷಕ್ಕೆ ಹೆಸರು ಇರಲೇ ಎಂದು ಕೇಳಿ.